ಎಲ್ಲರಿಗೂ ನಾಲ್ಕೇ ನಿಮಿಷ, ಆದರೂ ಸಮ ಅನಿಸಲಿಲ್ಲ: ಐವರ ಪ್ರೆಸೆಂಟೇಷನ್ ಹಂಚಿಕೊಂಡ ಒಂದು ಪ್ರಕರಣ

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಒಂದೆರಡು ಪ್ರಾಜೆಕ್ಟ್ ಗುಂಪುಗಳಿಗೆ ಗೈಡ್ ಆಗಿರುತ್ತೇನೆ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಗುಂಪಿನ ಕಥೆ. ಐದು ಜನ, ಮೂರು ಹುಡುಗಿಯರು, ಇಬ್ಬರು ಹುಡುಗರು. ಇಡೀ ಸೆಮಿಸ್ಟರ್ ಒಂದು ಮಾತು ಜಗಳವಿಲ್ಲದೆ ಕೆಲಸ ಮಾಡಿದವರು, ಪ್ರೆಸೆಂಟೇಷನ್‌ಗೆ ಹತ್ತು ದಿನ ಇದ್ದಾಗ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕಾರಣ ಒಂದೇ: ಯಾರು ಏನು ಹೇಳಬೇಕು ಅನ್ನುವುದು.

ಪ್ರಾಜೆಕ್ಟ್ ಸರಳವಾದದ್ದು. ಕಾಲೇಜು ಲೈಬ್ರರಿಯಲ್ಲಿ ಸೀಟು ಯಾವ ಹೊತ್ತಿಗೆ ಸಾಲುವುದಿಲ್ಲ, ಯಾಕೆ ಸಾಲುವುದಿಲ್ಲ ಅಂತ ನೋಡುವುದು. ಇಪ್ಪತ್ತು ದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಸೀಟು ಎಣಿಸಿದ್ದರು. ಜೊತೆಗೆ ಓದುವವರ ಒಂದು ಸರ್ವೆ ಮಾಡಿದ್ದರು. ಮಾತಾಡಲು 20 ನಿಮಿಷ, ಪ್ರಶ್ನೆಗೆ 5 ನಿಮಿಷ. ಗುಂಪಿಗೆ ಒಂದು ಅಂಕ, ಅದರ ಜೊತೆಗೆ ಪ್ರತಿಯೊಬ್ಬರಿಗೂ ಬೇರೆ ಅಂಕ. ಈ ಎರಡನೆಯದು ಇಲ್ಲದಿದ್ದರೆ ಬಹುಶಃ ಜಗಳವೇ ಆಗುತ್ತಿರಲಿಲ್ಲ.

ಹೆಸರು ಹೇಳುವುದಿಲ್ಲ. ಅವರವರು ಮಾಡಿದ ಕೆಲಸದಿಂದಲೇ ಕರೆಯುತ್ತೇನೆ. ಎಲ್ಲರನ್ನೂ ಸೇರಿಸಿ, ದಿನಾಂಕ ನೋಡಿಕೊಂಡು, ವರದಿ ಜೋಡಿಸಿದವಳು ಲೀಡರ್. ಹಿಂದೆ ಬೇರೆಯವರು ಬರೆದದ್ದನ್ನು ಓದಿ ಸಾರ ತೆಗೆದವನು ಪೇಪರ್ ಓದಿದ ಹುಡುಗ. ಲೈಬ್ರರಿಯಲ್ಲಿ ನಿಂತು ಸೀಟು ಎಣಿಸಿದವನು ಎಣಿಕೆಯ ಹುಡುಗ. ಗ್ರಾಫ್, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಮಾಡಿದವಳು ಲೆಕ್ಕದ ಹುಡುಗಿ. ಪ್ರಶ್ನಾವಳಿ ಹಂಚಿ ಉತ್ತರ ಸಂಗ್ರಹಿಸಿದವಳು ಸರ್ವೆ ಹುಡುಗಿ. ಇವಳಿಗೆ ನಾಲ್ಕು ಜನರ ಮುಂದೆ ನಿಲ್ಲುವುದು ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಅದು ಗುಂಪಿನ ಎಲ್ಲರಿಗೂ ಗೊತ್ತಿತ್ತು.

ಮೊದಲ ಹಂಚಿಕೆ

ಲೀಡರ್ ಮಾಡಿದ್ದು ಎಲ್ಲ ಗುಂಪುಗಳೂ ಮಾಡುವುದನ್ನೇ. ಇಪ್ಪತ್ತನ್ನು ಐದರಿಂದ ಭಾಗಿಸಿದಳು. ತಲೆಗೆ ನಾಲ್ಕು ನಿಮಿಷ. ಯಾರು ಯಾವ ಕೆಲಸ ಮಾಡಿದರೋ ಅವರು ಅದನ್ನೇ ಹೇಳುವುದು. ಉಳಿದ ಆರಂಭ, ಮಿತಿಗಳು, ಮುಕ್ತಾಯ ತಾನೇ ಇಟ್ಟುಕೊಂಡಳು. ಕಾಗದದ ಮೇಲೆ ಇದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ಒಂದು ಸಲ ನಿಂತು ಹೇಳಿನೋಡಿ ಅಂದೆ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಕೂತೆ. ಲೀಡರ್ 5 ನಿಮಿಷ, ಪೇಪರ್ ಓದಿದ ಹುಡುಗ 3, ಎಣಿಕೆಯ ಹುಡುಗ ಐದೂವರೆ, ಲೆಕ್ಕದ ಹುಡುಗಿ ಎಂಟೂವರೆ, ಸರ್ವೆ ಹುಡುಗಿ 2. ಮಾತೇ 24 ನಿಮಿಷ ಆಯಿತು. ಒಬ್ಬರು ಹೋಗಿ ಇನ್ನೊಬ್ಬರು ಬಂದು ನಿಲ್ಲುವುದಕ್ಕೆ ಪ್ರತಿ ಸಲ ಸುಮಾರು 15 ಸೆಕೆಂಡ್. ಅಂಥ ಬದಲಾವಣೆ ಐದು. ಒಟ್ಟು 25 ನಿಮಿಷ ದಾಟಿತು.

ಸಮಯ ಮೀರಿದ್ದು ದೊಡ್ಡ ವಿಷಯವಲ್ಲ, ಕತ್ತರಿಸಬಹುದು. ಆಮೇಲೆ ಅವರು ಆಡಿದ ಮಾತುಗಳಿಂದ ನನಗೆ ಜಾಸ್ತಿ ಗೊತ್ತಾಯಿತು.

ಲೆಕ್ಕದ ಹುಡುಗಿ ಅಂದಳು: "ಗ್ರಾಫೂ ನಂದೇ, ಟೆಸ್ಟೂ ನಂದೇ. ಪ್ರಶ್ನೆ ಎಲ್ಲಾ ಬರೋದೂ ನನಗೇ. ಅದನ್ನ ನಾಲ್ಕು ನಿಮಿಷದಲ್ಲಿ ಮುಗಿಸು ಅಂತೀಯ. ನೀನು ಮಾತ್ರ ನಮಸ್ಕಾರ, ಧನ್ಯವಾದ ಹೇಳ್ತೀಯ."

ಲೀಡರ್‌ಗೆ ಇದು ಚುಚ್ಚಿತು. "ಎಲ್ಲರಿಗೂ ನಾಲ್ಕೇ ನಿಮಿಷ ಕಣೇ. ಒಂದು ಸೆಕೆಂಡ್ ಹೆಚ್ಚುಕಮ್ಮಿ ಮಾಡಿಲ್ಲ ನಾನು."

ಸರ್ವೆ ಹುಡುಗಿ ಅಲ್ಲಿ ಏನೂ ಹೇಳಲಿಲ್ಲ. ಸಂಜೆ ಒಬ್ಬಳೇ ಬಂದಳು. "ಮೇಡಂ, ನನಗೆ ಬರಲ್ಲ ಅಂತ ಸುಲಭದ್ದು ಕೊಟ್ಟಿದ್ದಾರೆ. ಹೆದರಿಕೆ ಇದೆ, ನಿಜ. ಆದ್ರೆ ಅಂಕ ಕೊಡೋರು ನನ್ನನ್ನ ಎರಡು ನಿಮಿಷ ನೋಡಿ ಏನು ಅಂದ್ಕೋತಾರೆ?"

ಈ ಮೂರು ಮಾತು ಮೂರು ಬೇರೆ ಬೇರೆ ದೂರು. ಮೊದಲನೆಯದು ಭಾರದ ದೂರು: ನಿಮಿಷ ಒಂದೇ, ಹೊರೆ ಬೇರೆ. ಎರಡನೆಯದು ಅಳತೆಯ ದೂರು: ನಾನು ಸರಿಯಾಗಿ ಅಳೆದೆ, ಆದರೂ ತಪ್ಪು ಅಂತೀರ. ಮೂರನೆಯದನ್ನು ನಾವು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಕಷ್ಟ ಕಡಿಮೆ ಕೊಡುವುದು ಯಾವಾಗಲೂ ಉಪಕಾರ ಅಲ್ಲ. ಕೆಲವರಿಗೆ ಅದು "ನಿನ್ನ ಕೈಲಿ ಆಗಲ್ಲ" ಅಂತ ಕೇಳಿಸುತ್ತದೆ. ಪ್ರೆಸೆಂಟೇಷನ್‌ನ ಒಂದೊಂದು ಭಾಗವೂ ಒಂದು ಹೊರೆ, ಒಂದು ಅವಕಾಶ ಕೂಡ. ಹೊರೆ ಅಂತ ಮಾತ್ರ ಲೆಕ್ಕ ಹಾಕಿದರೆ ಸರ್ವೆ ಹುಡುಗಿಗೆ ಅನ್ಯಾಯ. ಅವಕಾಶ ಅಂತ ಮಾತ್ರ ಲೆಕ್ಕ ಹಾಕಿದರೆ ಲೆಕ್ಕದ ಹುಡುಗಿಗೆ ಅನ್ಯಾಯ.

ಐದಲ್ಲ, ಒಂಬತ್ತು ತುಂಡು

ಮರುದಿನ ಐವರನ್ನೂ ಕೂರಿಸಿದೆ. ಯಾರಿಗೆ ಏನು ಅನ್ನುವ ಮಾತು ಇವತ್ತು ಬೇಡ, ಮೊದಲು ವಿಷಯವನ್ನು ಮಾತ್ರ ಕತ್ತರಿಸೋಣ ಅಂದೆ.

ಐದು ಜನ ಇದ್ದಾರೆ ಅಂತ ಐದು ಭಾಗ ಮಾಡಿದರೆ ಮುಂದೆ ಅಲ್ಲಾಡಿಸಲು ಜಾಗವೇ ಇರುವುದಿಲ್ಲ. ದೊಡ್ಡ ಕಲ್ಲು ಐದಿದ್ದರೆ ಸಮವಾಗಿ ಹಂಚಲು ಆಗುವುದಿಲ್ಲ. ಅದನ್ನೇ ಸಣ್ಣಸಣ್ಣ ಮಾಡಿಕೊಂಡರೆ ಹೇಗಾದರೂ ಜೋಡಿಸಬಹುದು. ಹಾಗಂತ ತುಂಬಾ ಸಣ್ಣದಾದರೆ ಜನ ಮೇಲಿಂದ ಮೇಲೆ ಎದ್ದು ಕೂರಬೇಕಾಗುತ್ತದೆ, ಕೇಳುವವರಿಗೆ ಎಳೆ ಸಿಗುವುದಿಲ್ಲ. ಐವರಿಗೆ ಎಂಟರಿಂದ ಹತ್ತು ತುಂಡು ಸರಿಹೋಗುತ್ತದೆ ಅನ್ನುವುದು ನನ್ನ ಅನುಭವ. ಇವರಿಗೆ ಒಂಬತ್ತಾಯಿತು.

ಕತ್ತರಿಸುವ ಜೊತೆಗೆ ಮಾತನ್ನೂ ಇಳಿಸಿದೆವು. 20 ನಿಮಿಷದಲ್ಲಿ ಒಂದು ನಿಮಿಷ ಎದ್ದು ಹೋಗಿ ಬರುವುದಕ್ಕೆ, ಒಂದು ನಿಮಿಷ ಕೈಯಲ್ಲಿ ಉಳಿಕೆ. ಹಾಗಾಗಿ ಮಾತಿಗೆ 18. ಲೆಕ್ಕದ ಹುಡುಗಿಯ ಎಂಟೂವರೆ ನಿಮಿಷ ಐದಕ್ಕೆ ಇಳಿಯಿತು. ಅವಳು ಸೂತ್ರವನ್ನು ಸ್ಲೈಡಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಆ ಸ್ಲೈಡನ್ನು ಕೊನೆಯ ಧನ್ಯವಾದದ ಸ್ಲೈಡ್ ಆದಮೇಲೆ ಇಟ್ಟೆವು. ಯಾರಾದರೂ ಕೇಳಿದರೆ ಮಾತ್ರ ತೆರೆಯುವುದು. ಹಂಚಿಕೆಗೆ ಮುಂಚೆಯೇ ಹೀಗೆ ಇಳಿಸಿಕೊಳ್ಳುವುದು ಮುಖ್ಯ. ಹಂಚಿದ ಮೇಲೆ ಕತ್ತರಿಸಲು ಹೋದರೆ "ನಂದೇ ಯಾಕೆ ಕತ್ತರಿಸ್ತೀರ" ಅನ್ನುವ ಹೊಸ ಜಗಳ ಶುರುವಾಗುತ್ತದೆ.

ಪ್ರತಿ ತುಂಡನ್ನೂ ಗಟ್ಟಿಯಾಗಿ ಓದಿ ಸಮಯ ನೋಡಿದೆವು. ಸ್ಲೈಡ್ ಎಣಿಸಿ ಅಂದಾಜು ಮಾಡಬೇಡಿ. ಒಂದು ಗ್ರಾಫಿನ ಸ್ಲೈಡಿಗೆ ಎರಡು ನಿಮಿಷ ಹಿಡಿಯಬಹುದು, ಚಿತ್ರ ಇರುವ ಮೂರು ಸ್ಲೈಡ್ ಅರ್ಧ ನಿಮಿಷದಲ್ಲಿ ಮುಗಿಯಬಹುದು. ಕೊನೆಗೆ ಬಂದ ಪಟ್ಟಿ ಇದು:

| ತುಂಡು | ಸಮಯ |
|---|---|
| 1. ಈ ಪ್ರಶ್ನೆ ಯಾಕೆ | 1:30 |
| 2. ಹಿಂದೆ ನಡೆದ ಕೆಲಸ | 2:00 |
| 3. ಎಣಿಸಿದ ವಿಧಾನ | 2:30 |
| 4. ಡೇಟಾದಲ್ಲಿದ್ದ ತೊಂದರೆ | 2:00 |
| 5. ಗ್ರಾಫ್‌ಗಳು | 2:30 |
| 6. ಟಿ-ಟೆಸ್ಟ್ | 2:30 |
| 7. ಸರ್ವೆ ಫಲಿತಾಂಶ | 2:00 |
| 8. ಕೆಲಸದ ಮಿತಿಗಳು | 1:30 |
| 9. ಸಲಹೆ, ಮುಕ್ತಾಯ | 1:30 |

ಭಾರವನ್ನು ಅವರವರೇ ಬರೆಯಲಿ

ಕಷ್ಟ ಎಷ್ಟು ಅಂತ ಯಾರು ಹೇಳಬೇಕು? ಗೈಡ್ ಹೇಳಿದರೆ ಅದು ಗೈಡ್‌ಗೆ ಕಷ್ಟ ಅನಿಸಿದ್ದು. ಲೀಡರ್ ಹೇಳಿದರೆ ಅವಳಿಗೆ ಅನಿಸಿದ್ದು. ಪೋಲೆಂಡಿನ ಗಣಿತಜ್ಞ ಹ್ಯೂಗೋ ಸ್ಟೈನ್‌ಹೌಸ್ 1948ರಲ್ಲಿ ನ್ಯಾಯವಾದ ಹಂಚಿಕೆಯ ಬಗ್ಗೆ ಒಂದು ಲೇಖನ ಬರೆದರು. ಅದರ ಹಿಂದಿರುವ ವಿಚಾರ ನನಗೆ ಬಹಳ ಇಷ್ಟ. ಎಲ್ಲರಿಗೂ ಒಂದೇ ಅಳತೆಗೋಲು ಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಅಳತೆಯಲ್ಲಿ ತಮಗೆ ಸಲ್ಲಬೇಕಾದ ಪಾಲು ಸಿಕ್ಕಿದೆ ಅಂದರೆ ಸಾಕು. ಅಲ್ಲಿ ಹಂಚುವುದು ಎಲ್ಲರೂ ಬಯಸುವ ವಸ್ತುವನ್ನು. ನಮ್ಮಲ್ಲಿ ಹಂಚುವುದು ಹೊರೆಯನ್ನು. ಹಾಗಾಗಿ ಮಾತನ್ನು ತಿರುಗಿಸಿಕೊಳ್ಳಬೇಕು: ಯಾರಿಗೂ ತಮ್ಮ ಅಳತೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಭಾರ ಬೀಳಬಾರದು.

ಐವರಿಗೂ ಒಂದೊಂದು ಚೀಟಿ ಕೊಟ್ಟೆ. ಒಬ್ಬೊಬ್ಬರಿಗೂ 100 ಅಂಕ. ಅದನ್ನು ಒಂಬತ್ತು ತುಂಡುಗಳ ಮೇಲೆ ಹರಡಬೇಕು. ಈ ತುಂಡು ನನ್ನ ತಲೆಗೆ ಬಂದರೆ ಎಷ್ಟು ಭಾರ ಅನ್ನುವುದು ಪ್ರಶ್ನೆ. ತಯಾರಿ, ನಿಂತು ಹೇಳುವ ಕಷ್ಟ, ಆಮೇಲೆ ಬರುವ ಪ್ರಶ್ನೆ, ಮೂರನ್ನೂ ಸೇರಿಸಿ ಯೋಚಿಸಬೇಕು. ಖುಷಿಯಿಂದ ಮಾಡುವಂಥದ್ದಿದ್ದರೆ ಸೊನ್ನೆಯನ್ನೂ ಬರೆಯಬಹುದು. ಒಬ್ಬರದು ಇನ್ನೊಬ್ಬರು ನೋಡುವಂತಿಲ್ಲ. ಎಲ್ಲರೂ ಬರೆದಾದ ಮೇಲೆ ಒಟ್ಟಿಗೆ ತೆರೆಯುವುದು.

ಸುಮ್ನೆ ಎಲ್ಲದಕ್ಕೂ ಜಾಸ್ತಿ ಬರೆದು ತಪ್ಪಿಸಿಕೊಳ್ಳುವವರು ಇರುತ್ತಾರಲ್ಲ ಅಂತ ನನ್ನನ್ನು ಕೇಳುವವರಿದ್ದಾರೆ. ಒಟ್ಟು 100ಕ್ಕೆ ಕಟ್ಟುಹಾಕಿರುವುದು ಅದಕ್ಕೇ. ಒಂದಕ್ಕೆ ಏರಿಸಿದರೆ ಇನ್ನೊಂದಕ್ಕೆ ಇಳಿಸಲೇಬೇಕು. ಇಳಿಸಿದ್ದು ತನ್ನ ಪಾಲಿಗೆ ಬರುವ ಸಂಭವ ಜಾಸ್ತಿ. ಇದರಿಂದ ಚಾಲಾಕಿತನ ಪೂರ್ತಿ ನಿಲ್ಲುವುದಿಲ್ಲ. ಒಬ್ಬರಿಗೆ ಮಿಕ್ಕವರ ಮನಸ್ಸು ಚೆನ್ನಾಗಿ ಗೊತ್ತಿದ್ದರೆ ಲೆಕ್ಕ ಹಾಕಿ ಬರೆಯಬಹುದು. ಆದರೆ ಗುಟ್ಟಾಗಿ, ಒಂದೇ ಹೊತ್ತಿಗೆ ಬರೆದಾಗ ಅಷ್ಟು ಧೈರ್ಯ ಮಾಡುವವರು ಕಡಿಮೆ.

ಚೀಟಿ ತೆರೆದಾಗ ಎರಡು ಸಾಲು ಎದ್ದು ಕಂಡವು.

ಒಂದು, ಟಿ-ಟೆಸ್ಟ್, ಅಂದರೆ ಬೆಳಿಗ್ಗೆ ಮತ್ತು ಮಧ್ಯಾಹ್ನದ ಎಣಿಕೆಯ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ನೋಡುವ ಲೆಕ್ಕ. ಲೀಡರ್ 30 ಬರೆದಿದ್ದಳು, ಪೇಪರ್ ಓದಿದ ಹುಡುಗ 28, ಸರ್ವೆ ಹುಡುಗಿ 25, ಎಣಿಕೆಯ ಹುಡುಗ 22. ಲೆಕ್ಕದ ಹುಡುಗಿ 12. ಉಳಿದ ನಾಲ್ವರ ಅಳತೆಯಲ್ಲಿ ಆ ಒಂದು ತುಂಡೇ 20ಕ್ಕಿಂತ ಜಾಸ್ತಿ. ಅಂದರೆ ಅದು ಯಾರ ಪಾಲಿಗೆ ಬಂದರೂ ಒಂದರಲ್ಲೇ ಅವರ ಮಿತಿ ದಾಟುತ್ತದೆ. ಮಾತಾಡದೆಯೇ ಉತ್ತರ ಸಿಕ್ಕಿತು: ಇದು ಲೆಕ್ಕದ ಹುಡುಗಿಯದೇ. ಆದರೆ ಅವಳ ದೂರು ಬರೀ ಗೊಣಗಾಟ ಅಲ್ಲ ಅನ್ನುವುದೂ ನಾಲ್ವರ ಕೈಬರಹದಲ್ಲೇ ಕಂಡಿತು. ಲೀಡರ್ ಆ ಸಂಖ್ಯೆಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ನಾನೇ 30 ಹಾಕಿದ್ದೀನಿ" ಅಂದಳು. ಅವರಿಬ್ಬರ ನಡುವಿನ ಮುನಿಸು ಅರ್ಧ ಅಲ್ಲೇ ಇಳಿಯಿತು.

ಇನ್ನೊಂದು, ನಾಲ್ಕನೆಯ ತುಂಡು, ಡೇಟಾದಲ್ಲಿದ್ದ ತೊಂದರೆ. ನಾಲ್ವರು 4, 5, 6 ಅಂತ ಬರೆದಿದ್ದರು. ಎಣಿಕೆಯ ಹುಡುಗ 18 ಬರೆದಿದ್ದ. ಯಾಕೋ ಇಷ್ಟು ಅಂತ ಕೇಳಿದರು. ಅವನು ತಡವರಿಸುತ್ತಾ ಹೇಳಿದ: ಇಪ್ಪತ್ತು ದಿನದಲ್ಲಿ ಎರಡು ದಿನ ಮಧ್ಯಾಹ್ನದ ಎಣಿಕೆ ತಪ್ಪಿಹೋಗಿದೆ. ಆ ಎರಡು ದಿನವನ್ನು ಪೂರ್ತಿ ಬಿಟ್ಟು 18 ದಿನದ ಮೇಲೆ ಲೆಕ್ಕ ಮಾಡಿದ್ದಾರೆ. "ಯಾಕೆ ಎಣಿಸಲಿಲ್ಲ ಅಂತ ಕೇಳಿದ್ರೆ ನಾನೇ ನಿಂತು ತಪ್ಪು ಒಪ್ಕೊಂಡ ಹಾಗೆ ಆಗುತ್ತೆ." ಬಿಟ್ಟಿದ್ದಾರೆ ಅನ್ನುವುದು ಉಳಿದವರಿಗೆ ಗೊತ್ತಿತ್ತು. ಅದರ ಮೇಲೆ ಪ್ರಶ್ನೆ ಬರುತ್ತದೆ ಅನ್ನುವುದು ಅವರಿಗೆ ಹೊಳೆದಿರಲಿಲ್ಲ.

ಚೀಟಿಯಿಂದ ನನಗೆ ಸಿಗುವ ದೊಡ್ಡ ಲಾಭ ಇದೇ. ಐವರಲ್ಲಿ ಒಬ್ಬರ ಸಂಖ್ಯೆ ಮಾತ್ರ ದೂರ ನಿಂತಿದ್ದರೆ, ಅವರಿಗೆ ಗೊತ್ತಿರುವ ಏನೋ ಒಂದು ಉಳಿದವರಿಗೆ ಗೊತ್ತಿಲ್ಲ ಅಂತ ಅರ್ಥ. ಸರಾಸರಿ ತೆಗೆದುಬಿಟ್ಟರೆ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಸರಾಸರಿ ತೆಗೆಯಲಿಲ್ಲ. ಅಂತರ ದೊಡ್ಡದಿದ್ದ ಕಡೆ ಮಾತಾಡಿ, ಬೇಕಾದವರು ಚೀಟಿ ತಿದ್ದಿಕೊಳ್ಳಿ ಅಂದೆ. ಲೀಡರ್ ನಾಲ್ಕನೆಯ ತುಂಡಿನ 5 ಅನ್ನು 9 ಮಾಡಿದಳು, ಬೇರೆ ಒಂದೆರಡರಿಂದ ಅಷ್ಟು ಕಳೆದಳು.

ಜೋಡಿಸಿದ್ದು

ಎರಡು ಗೆರೆ ಹಾಕಿಕೊಂಡೆವು. ಒಬ್ಬರ ಮಾತು ಎರಡೂವರೆ ನಿಮಿಷಕ್ಕಿಂತ ಕಡಿಮೆ ಆಗಬಾರದು, ಅಂಕ ಕೊಡುವವರಿಗೆ ಅವರನ್ನು ನೋಡಲು ಅಷ್ಟಾದರೂ ಬೇಕು. ನಾಲ್ಕೂವರೆ ನಿಮಿಷ ದಾಟಬಾರದು. ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಎದ್ದು ಬರಬಾರದು ಅನ್ನುವುದು ಹೇಳದೆಯೇ ಎಲ್ಲರೂ ಒಪ್ಪಿಕೊಂಡದ್ದು.

ಮೊದಲ ಜೋಡಣೆಯಲ್ಲಿ ಎಣಿಕೆಯ ಹುಡುಗನಿಗೆ 3 ಮತ್ತು 4 ಬಂತು. ಎರಡೂ ಅವನ ಕೆಲಸ, ಒಂದರ ಹಿಂದೆ ಒಂದು, ನೋಡಲು ಚೆಂದ. ಆದರೆ ಅವನ ಚೀಟಿಯಲ್ಲಿ ಮೂರನೆಯದು 6, ನಾಲ್ಕನೆಯದು 18. ಕೂಡಿದರೆ 24. ಇಪ್ಪತ್ತು ದಾಟಿತು. ಹಾಗಾಗಿ ನಾಲ್ಕನೆಯದನ್ನು ಬಿಡಿಸಿ ಲೀಡರ್‌ಗೆ ಕೊಟ್ಟೆವು. ಎರಡು ದಿನ ಬಿಡೋಣ ಅನ್ನುವ ತೀರ್ಮಾನ ಐವರೂ ಸೇರಿ ಮಾಡಿದ್ದು, ಹಾಗಾಗಿ ಅದನ್ನು ಗುಂಪಿನ ಪರವಾಗಿ ಲೀಡರ್ ಹೇಳುವುದೇ ಸರಿ. ಎಣಿಕೆ ತಪ್ಪಿದ ಹುಡುಗ ಹೇಳಿದರೆ ಕ್ಷಮೆ ಕೇಳಿದಂತೆ ಆಗುತ್ತಿತ್ತು. ಲೀಡರ್ ಹೇಳಿದರೆ ಒಂದು ವಿಧಾನದ ವಿವರಣೆ ಆಗುತ್ತದೆ.

ಕೊನೆಗೆ ನಿಂತದ್ದು ಹೀಗೆ. ಪೇಪರ್ ಓದಿದ ಹುಡುಗನಿಗೆ 1 ಮತ್ತು 2, ಮೂರೂವರೆ ನಿಮಿಷ, ಅವನ ಅಳತೆಯಲ್ಲಿ ಭಾರ 13. ಎಣಿಕೆಯ ಹುಡುಗನಿಗೆ 3 ಮತ್ತು 9, ನಾಲ್ಕು ನಿಮಿಷ, ಭಾರ 15. ಲೀಡರ್‌ಗೆ 4 ಮತ್ತು 5, ನಾಲ್ಕೂವರೆ ನಿಮಿಷ, ಭಾರ 19. ಲೆಕ್ಕದ ಹುಡುಗಿಗೆ 6 ಒಂದೇ, ಎರಡೂವರೆ ನಿಮಿಷ, ಭಾರ 12. ಸರ್ವೆ ಹುಡುಗಿಗೆ 7 ಮತ್ತು 8, ಮೂರೂವರೆ ನಿಮಿಷ, ಭಾರ 19. ಯಾರದೂ ಇಪ್ಪತ್ತು ದಾಟಲಿಲ್ಲ. ನಿಮಿಷ ಮಾತ್ರ ನೋಡಿದರೆ ಇದು ಮೊದಲಿನ ಯೋಜನೆಗಿಂತ ಕೆಟ್ಟದ್ದು. ಒಬ್ಬಳಿಗೆ ಎರಡೂವರೆ, ಇನ್ನೊಬ್ಬಳಿಗೆ ನಾಲ್ಕೂವರೆ.

ಇಲ್ಲಿ ಲೆಕ್ಕದ ಹುಡುಗಿ ಒಂದು ಮಾತು ಹೇಳಿದಳು. ಅದನ್ನು ನಾನು ಮರೆಯುವುದಿಲ್ಲ. "ಮೇಡಂ, ನಾನು 12 ಬರೆದದ್ದು ಈಗ ನನಗೆ ಬರುತ್ತೆ ಅನ್ನೋದಕ್ಕೆ. ಅದನ್ನ ಕಲಿಯೋಕೆ ಮೂರು ವಾರ ಹೋಗಿದೆ. ಬರುತ್ತೆ ಅಂದವರಿಗೇ ಕಷ್ಟದ್ದೆಲ್ಲ ಕೊಡ್ತಾ ಹೋದ್ರೆ, ಕಲಿತದ್ದೇ ತಪ್ಪಾಗುತ್ತೆ ಅಲ್ವಾ?"

ಅವಳು ಹೇಳಿದ್ದು ಸರಿ. ಈ ವಿಧಾನದ ದೊಡ್ಡ ದೌರ್ಬಲ್ಯವೇ ಅದು. ಈಗ ಯಾರಿಗೆ ಹಗುರ ಅಂತ ಚೀಟಿ ಹೇಳುತ್ತದೆ. ಹಗುರ ಆಗಲು ಅವರು ಹಿಂದೆ ಎಷ್ಟು ಕೊಟ್ಟಿದ್ದಾರೆ ಅಂತ ಹೇಳುವುದಿಲ್ಲ. ಇದನ್ನು ಸಂಖ್ಯೆಯಿಂದ ಸರಿಮಾಡಲು ನಾನು ಹೋಗಲಿಲ್ಲ. ಅವಳಿಗೆ ಇನ್ನೊಂದು ತುಂಡು ಕೊಡುವುದು ಬೇಡ ಅಂತ ತೀರ್ಮಾನಿಸಿದೆವು. ಅವಳ ಸ್ಲೈಡ್‌ಗಳನ್ನು ಪೇಪರ್ ಓದಿದ ಹುಡುಗ ಮಾಡಿಕೊಡುತ್ತೇನೆ ಅಂದ. ಗ್ರಾಫನ್ನು ಲೀಡರ್ ವಿವರಿಸುವುದರಿಂದ ಅದನ್ನು ಕಲಿಯುವ ಹೊರೆ ಲೀಡರ್ ಮೇಲೆ ಬಿತ್ತು.

ಸಮಯ ಕಡಿಮೆ ಆಯಿತಲ್ಲ, ಅಂಕಕ್ಕೆ ಹೊಡೆತ ಬೀಳುವುದಿಲ್ಲವೇ? ಅದಕ್ಕೆ ಪ್ರಶ್ನೆಯ ಐದು ನಿಮಿಷವನ್ನೂ ಲೆಕ್ಕಕ್ಕೆ ತಂದೆವು. ಹೆಚ್ಚಿನ ಗುಂಪುಗಳು ಅದನ್ನು ಯಾರಿಗೂ ಸೇರದ ಸಮಯ ಅಂದುಕೊಳ್ಳುತ್ತವೆ. ನಾನು ಅಂಕ ಕೊಡುವವಳ ಹಾಗೆ ಕೂತು ಎಂಟು ಪ್ರಶ್ನೆ ಕೇಳಿದೆ. ಅದರಲ್ಲಿ ನಾಲ್ಕು ಟೆಸ್ಟ್ ಮೇಲೆಯೇ. ಅದಕ್ಕೆ ಎರಡು ನಿಮಿಷ ಹಿಡಿಯಿತು. ಅಂದರೆ ಲೆಕ್ಕದ ಹುಡುಗಿಯ ನಿಜವಾದ ಮಾತು ನಾಲ್ಕೂವರೆ ನಿಮಿಷ. ಅಂಕ ಕೊಡುವವರ ನೆನಪಿನಲ್ಲಿ ಉಳಿಯುವುದು ಹೆಚ್ಚಾಗಿ ಈ ಕೊನೆಯ ಮಾತೇ.

ಬದಲಿಸಿಕೊಳ್ತೀರಾ?

ಕೊನೆಯ ಪರೀಕ್ಷೆ ಸಂಖ್ಯೆಯದಲ್ಲ. ಐದು ಪಾಲನ್ನೂ ಬೋರ್ಡ್ ಮೇಲೆ ಬರೆದು ಒಬ್ಬೊಬ್ಬರನ್ನೇ ಕೇಳಿದೆ: ನಿನ್ನದನ್ನು ಕೊಟ್ಟು ಬೇರೆ ಯಾರದ್ದಾದರೂ ತಗೊಳ್ತೀಯಾ? ತನ್ನ ಅಳತೆಯಲ್ಲಿ ಇಪ್ಪತ್ತರ ಒಳಗೆ ಇದ್ದರೂ, ಇನ್ನೊಬ್ಬರ ಪಾಲು ತನಗೆ ಇನ್ನೂ ಚೆನ್ನಾಗಿತ್ತು ಅನಿಸಬಹುದು. ಆ ಅಸಮಾಧಾನ ಹೊರಗೆ ಬರದಿದ್ದರೆ ಒಳಗೇ ಕೂರುತ್ತದೆ.

ನಾಲ್ವರು ಇಲ್ಲ ಅಂದರು. ಲೀಡರ್ ಹೌದು ಅಂದಳು. ಅವಳಿಗೆ ಮುಕ್ತಾಯ ಬೇಕಿತ್ತು. ಅವಳ ಚೀಟಿಯಲ್ಲಿ ಒಂಬತ್ತನೆಯದಕ್ಕೆ ಬರೀ 3. ಇಡೀ ಸೆಮಿಸ್ಟರ್ ಎಲ್ಲರನ್ನೂ ಹಿಡಿದಿಟ್ಟವಳು ಅವಳು. ಆರಂಭದಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ ಅಂದಾಗ ಬೇಸರ ಆಗುವುದು ಸಹಜ. ನಾಲ್ಕು ಮತ್ತು ಒಂಬತ್ತು ಅವಳಿಗೆ ಕೊಟ್ಟು, ಮೂರು ಮತ್ತು ಐದನ್ನು ಎಣಿಕೆಯ ಹುಡುಗನಿಗೆ ಕೊಟ್ಟು ನೋಡಿದೆವು. ಅವನ ಭಾರ 17 ಆಯಿತು, ಪರವಾಗಿಲ್ಲ. ಆದರೆ ಅವನ ಸಮಯ ಐದು ನಿಮಿಷ ಆಗಿ ಗೆರೆ ದಾಟಿತು. ಹಾಗಾಗಿ ಅದು ಆಗಲಿಲ್ಲ.

ದಾರಿ ಬೇರೆ ಕಡೆ ಸಿಕ್ಕಿತು. ಪ್ರಶ್ನೆಯ ಹೊತ್ತಿನಲ್ಲಿ ಯಾರು ಉತ್ತರಿಸಬೇಕು ಅಂತ ಐವರೂ ಒಬ್ಬರ ಮುಖ ಒಬ್ಬರು ನೋಡುವುದು ನೋಡಿದವರಿಗೆಲ್ಲ ಗೊತ್ತು. ಆ ಕೆಲಸ ಲೀಡರ್‌ಗೆ ಕೊಟ್ಟೆವು. ಪ್ರಶ್ನೆ ಕೇಳಿಸಿಕೊಂಡು, ಒಂದು ವಾಕ್ಯದಲ್ಲಿ ಅದನ್ನು ಮತ್ತೆ ಹೇಳಿ, ಯಾರು ಉತ್ತರಿಸುತ್ತಾರೆ ಅಂತ ಅವರ ಕಡೆ ಕೈ ತೋರಿಸುವುದು. ಒಂಬತ್ತು ತುಂಡಿಗೂ ಮೊದಲ ಉತ್ತರ ಯಾರದು, ಅವರಿಗೆ ತೋಚದಿದ್ದರೆ ಎರಡನೆಯವರು ಯಾರು ಅಂತ ಬರೆದುಕೊಂಡರು. ಕೊನೆಯ ಐದು ನಿಮಿಷ ಗುಂಪಿನ ಮುಂದೆ ನಿಲ್ಲುವುದು ಅವಳೇ ಅನ್ನುವುದು ಅವಳಿಗೆ ಸಮಾಧಾನ ಕೊಟ್ಟಿತು. ಯಾರ ಪಾಲಿನಿಂದಲೂ ಒಂದು ಸೆಕೆಂಡ್ ಕಿತ್ತುಕೊಳ್ಳಬೇಕಾಗಲಿಲ್ಲ.

ಸರ್ವೆ ಹುಡುಗಿ ಬಗ್ಗೆಯೂ ಒಂದು ಮಾತು. ಅವಳ ಚೀಟಿಯಲ್ಲಿ ಮೊದಲನೆಯ ತುಂಡಿಗೆ 20 ಇತ್ತು. ಅಲ್ಲಿ ಹೇಳಬೇಕಾದ ವಿಷಯ ಕಷ್ಟದ್ದಲ್ಲ. ಖಾಲಿ ವೇದಿಕೆಗೆ ಮೊದಲು ಹೋಗಿ ನಿಲ್ಲುವುದೇ ಅವಳಿಗೆ ಕಷ್ಟ. ಮಿತಿಗಳನ್ನು ಹೇಳುವುದಕ್ಕೆ 11 ಮಾತ್ರ. ನಾವೆಲ್ಲ ಹೆದರುವವರಿಗೆ ಪರಿಚಯ, ಸ್ವಾಗತ ಕೊಡುತ್ತೇವೆ, ಸುಲಭ ಅಂತ. ಅವಳಿಗೆ ಬೇಕಾಗಿದ್ದು ಅದರ ಉಲ್ಟಾ: ತೂಕದ ವಿಷಯ, ಆದರೆ ನಾಲ್ಕು ಜನ ಮಾತಾಡಿ ಸಭೆ ಬೆಚ್ಚಗಾದ ಮೇಲೆ. ಕೇಳದೆ ಇದು ಗೊತ್ತಾಗುತ್ತಿರಲಿಲ್ಲ.

ಆ ದಿನ

ಮಾತು 18 ನಿಮಿಷ, ಎದ್ದು ಹೋಗಿ ಬರುವುದು ಒಂದು ನಿಮಿಷ, 19ಕ್ಕೆ ಮುಗಿಯಿತು. ಒಳಗೆ ಮಾತ್ರ ಯೋಜನೆಯಂತೆ ಇರಲಿಲ್ಲ. ಪೇಪರ್ ಓದಿದ ಹುಡುಗ ಅರ್ಧ ನಿಮಿಷ ಜಾಸ್ತಿ ತಗೊಂಡ. ಲೀಡರ್ ಹತ್ತು ಸೆಕೆಂಡ್ ಜಾಸ್ತಿ. ಸರ್ವೆ ಹುಡುಗಿ ಗಾಬರಿಯಲ್ಲಿ ಬೇಗ ಮಾತಾಡಿ ಎರಡು ನಿಮಿಷ ಐವತ್ತು ಸೆಕೆಂಡಿಗೆ ಮುಗಿಸಿದಳು. ಹೆದರಿದಾಗ ಮಾತು ಓಡುತ್ತದೆ. ಅದು ರಿಹರ್ಸಲ್‌ನಲ್ಲಿ ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಎದುರಿಗೆ ಇರುವವರು ಗೆಳೆಯರು. ಈಗ ನಾನು ಕೊನೆಯ ರಿಹರ್ಸಲ್‌ಗೆ ಪರಿಚಯ ಇಲ್ಲದ ಇಬ್ಬರನ್ನಾದರೂ ಕೂರಿಸಿ ಅಂತ ಹೇಳುತ್ತೇನೆ.

ಎರಡು ದಿನ ಬಿಟ್ಟದ್ದರ ಬಗ್ಗೆ ಪ್ರಶ್ನೆ ಬಂದೇ ಬಂತು. ಲೀಡರ್ ಸ್ವತಃ ಉತ್ತರಿಸಿದಳು. ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡೂ ಎಣಿಕೆ ಇರುವ ದಿನಗಳನ್ನು ಮಾತ್ರ ಇಟ್ಟುಕೊಂಡೆವು, ನಮ್ಮ ಹೋಲಿಕೆ ದಿನದ ಒಳಗಿನದು, ಅರ್ಧ ದಿನ ಇಟ್ಟುಕೊಂಡು ಪ್ರಯೋಜನ ಇಲ್ಲ ಅಂದಳು. ಎಣಿಕೆಯ ಹುಡುಗ ಪಕ್ಕದಲ್ಲಿ ನಿಂತು ತಲೆ ಆಡಿಸಿದ. ಅಷ್ಟೇ ಸಾಕಾಯಿತು.

ಎಡವಿದ್ದು ಇನ್ನೊಂದು ಕಡೆ. ಅಂಕ ಕೊಡುವವರಲ್ಲಿ ಒಬ್ಬರು ಲೀಡರ್ ಕೈ ತೋರಿಸುವ ಮೊದಲೇ ನೇರವಾಗಿ ಪೇಪರ್ ಓದಿದ ಹುಡುಗನನ್ನು ಕೇಳಿದರು: "ನೀವು ಹೇಳಿ, ಪೇರ್ಡ್ ಟಿ-ಟೆಸ್ಟ್ ಯಾಕೆ ಬಳಸಿದ್ರಿ?" ಅವನು ನೆಲ ನೋಡಿದ. ಲೆಕ್ಕದ ಹುಡುಗಿ ಬಾಯಿ ತೆರೆದಳು, ಅವರು ಕೈ ತೋರಿಸಿ ತಡೆದರು. ಅವನ ಉತ್ತರ ಅರ್ಧಕ್ಕೇ ನಿಂತಿತು. ಅದರ ಉತ್ತರ ಕಷ್ಟದ್ದೇನಲ್ಲ. ಒಂದೇ ದಿನದ ಎರಡು ಹೊತ್ತಿನ ಎಣಿಕೆ ಒಂದಕ್ಕೊಂದು ಸಂಬಂಧ ಇರುವವು. ಪರೀಕ್ಷೆ ಹತ್ತಿರ ಬಂದ ದಿನ ಬೆಳಿಗ್ಗೆಯೂ ಜಾಸ್ತಿ, ಮಧ್ಯಾಹ್ನವೂ ಜಾಸ್ತಿ. ಹಾಗಾಗಿ ದಿನದ ಒಳಗಿನ ವ್ಯತ್ಯಾಸವನ್ನೇ ನೋಡಬೇಕು. ಇಷ್ಟನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನ ತಪ್ಪು. ಮಾತನ್ನು ಹಂಚುವುದರಲ್ಲಿ ಮುಳುಗಿ, ವಿಷಯ ಎಲ್ಲರಿಗೂ ಒಂದೇ ಅನ್ನುವುದನ್ನು ಮರೆತಿದ್ದೆ. ಅವನ ಸ್ವಂತ ಅಂಕದಲ್ಲಿ ಅದು ಕಂಡಿತು.

ಈ ವಿಧಾನದ ಇನ್ನೊಂದು ಮಿತಿಯನ್ನೂ ಹೇಳಬೇಕು. ಈ ಐವರೂ ಕೆಲಸ ಮಾಡಿದ್ದರು. ಒಬ್ಬರು ಏನೂ ಮಾಡದೆ ಕೊನೆಯ ವಾರ ಬಂದು ನಿಂತಿದ್ದರೆ ಅವರ ಚೀಟಿಯಲ್ಲಿ ಎಲ್ಲವೂ ಭಾರವೇ ಆಗಿರುತ್ತದೆ. ಆಗ ಸಂಖ್ಯೆಗಳಿಗೆ ಅರ್ಥ ಇರುವುದಿಲ್ಲ. ಅದು ಹಂಚಿಕೆಯ ಸಮಸ್ಯೆಯೇ ಅಲ್ಲ. ಗೈಡ್ ಅದನ್ನು ಮೊದಲೇ, ಬೇರೆಯಾಗಿ ಮಾತಾಡಿ ಬಗೆಹರಿಸಬೇಕು.

ಮುಂದಿನ ವರ್ಷದ ಗುಂಪಿಗೆ ಇದೇ ಚೀಟಿ, ಇದೇ ಬೋರ್ಡ್. ಜೊತೆಗೆ ಒಂದು ಹೊಸ ಕೆಲಸ ಸೇರಿಸಿದೆ. ಹಂಚಿಕೆ ಆದ ಮರುದಿನ ಐವರೂ ದುಂಡಗೆ ಕೂರಬೇಕು. ಪ್ರತಿಯೊಬ್ಬರೂ ತನ್ನ ಭಾಗವನ್ನು ಬಲಗಡೆ ಕೂತವರಿಗೆ ಹೇಳಿಕೊಡಬೇಕು. ಕೇಳಿಸಿಕೊಂಡವರು ಅದನ್ನೇ ಒಂದು ನಿಮಿಷದಲ್ಲಿ, ಸ್ಲೈಡ್ ನೋಡದೆ, ಎಲ್ಲರಿಗೂ ಹೇಳಬೇಕು. ತಡವರಿಸಿದ ಜಾಗದಲ್ಲಿ ಹೇಳಿಕೊಟ್ಟವರು ಮತ್ತೆ ಬಿಡಿಸಿ ಹೇಳಬೇಕು. ಆಮೇಲೆ ಜಾಗ ಬದಲಿಸಿ ಇನ್ನೊಂದು ಸುತ್ತು. ಮೊದಲ ಸುತ್ತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯದು ಅರ್ಧ ಗಂಟೆಯಲ್ಲಿ ಮುಗಿಯಿತು.